ಗಲ್ಲಾ ಕಂಪ್ಯೂಟರಿನ ಸಿ ಡ್ರೈವ್ ತುಂಬುವುದೇಕೆ? ಯಾವುದನ್ನು ಅಳಿಸಬಹುದು?

ಕಳೆದ ಅಕ್ಟೋಬರಿನ ಒಂದು ಶನಿವಾರ ರಾತ್ರಿ ಎಂಟೂವರೆಗೆ ನಮ್ಮ ಹೋಟೆಲಿನಲ್ಲಿ ಬಿಲ್ ಬರುವುದು ನಿಂತಿತು. ಹೊರಗೆ ಗಿರಾಕಿಗಳ ಸಾಲು, ಒಳಗೆ ಆರ್ಡರ್ ಮೇಲೆ ಆರ್ಡರ್. ಗಲ್ಲಾದಲ್ಲಿದ್ದ ಹುಡುಗ "ಧಣಿ, ಜಾಗ ಇಲ್ಲ ಅಂತ ಬರ್ತಾ ಉಂಟು" ಎಂದ. ನೋಡಿದರೆ ಸಿ ಡ್ರೈವಿನ ಪಟ್ಟಿ ಪೂರ್ತಿ ಕೆಂಪು. ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರತಿ ಬಿಲ್ಲನ್ನೂ ಡಿಸ್ಕಿನಲ್ಲಿ ಬರೆದೇ ಮುಂದಕ್ಕೆ ಹೋಗುವುದು. ಬರೆಯಲು ಜಾಗವಿಲ್ಲವೆಂದರೆ ಬಿಲ್ಲೂ ಇಲ್ಲ. ಆ ರಾತ್ರಿ ಅರ್ಧ ಗಂಟೆ ಕೈಬರಹದ ಬಿಲ್ಲು ಕೊಟ್ಟೆವು.

ಹುಡುಗ ಸುಮ್ಮನೆ ಕೂತಿರಲಿಲ್ಲ. ವಾಟ್ಸಾಪಿನಲ್ಲಿ ಬಂದಿದ್ದ ವಿಡಿಯೋ, ಫೋಟೋಗಳನ್ನೆಲ್ಲ ಹುಡುಕಿ ಅಳಿಸಿದ್ದ. ಆದರೂ ಒಂದು ಎಂಬಿಯೂ ಖಾಲಿಯಾಗಲಿಲ್ಲ. ಕಾರಣ ಸಣ್ಣದು. ಅಳಿಸಿದ್ದೆಲ್ಲ Recycle Bin ಎಂಬ ಬುಟ್ಟಿಗೆ ಹೋಗಿ ಕೂತಿರುತ್ತದೆ, ಆ ಬುಟ್ಟಿ ಇರುವುದೂ ಅದೇ ಡ್ರೈವಿನಲ್ಲೇ. ಅಡುಗೆಮನೆಯ ಕಸವನ್ನು ಮೂಲೆಯ ಡ್ರಮ್ಮಿಗೆ ಹಾಕಿದಂತೆ, ಡ್ರಮ್ಮು ಹೊರಗೆ ಹೋಗುವ ತನಕ ಜಾಗ ಹಾಗೆಯೇ. ಬುಟ್ಟಿಯಲ್ಲಿ ನಮಗೆ ಬೇಕಾದ್ದೇನೂ ಇಲ್ಲವೆಂದು ಒಮ್ಮೆ ನೋಡಿಕೊಂಡು ಖಾಲಿ ಮಾಡಿದೆವು. 4 ಜಿಬಿ ಬಿಡುಗಡೆಯಾಯಿತು, ಬಿಲ್ಲು ಮತ್ತೆ ಓಡಿತು. ಆ ರಾತ್ರಿಗೆ ಅಷ್ಟೇ ಸಾಕೆಂದು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಕಂಪ್ಯೂಟರ್ ಗುಡಿಸಲು ಹೋಗಬಾರದು.

ಸೋಮವಾರ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ, ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಳಿಯ ಬಂದ. ಅವನು ಮೊದಲು ಕೇಳಿದ್ದು ನೋಟ್‌ಬುಕ್ ಮತ್ತು ಪೆನ್ನು. "ಮಾವ, ಒಂದೊಂದು ಕೆಲಸ ಮಾಡಿದ ಮೇಲೂ ಎಷ್ಟು ಖಾಲಿಯಾಯಿತು ಅಂತ ಬರೆಯಿರಿ. ಇಲ್ಲದಿದ್ದರೆ ಯಾವುದರಿಂದ ಉಪಯೋಗ ಆಯಿತು ಅಂತಲೇ ಗೊತ್ತಾಗೋದಿಲ್ಲ" ಎಂದ. ನಮ್ಮದು 128 ಜಿಬಿಯ ಡಿಸ್ಕು, ವಿಂಡೋಸಿನಲ್ಲಿ ಕಾಣುವುದು 119. ಇದು ಮೋಸವಲ್ಲ, ಡಿಸ್ಕು ಮಾಡುವವರ ಅಳತೆ ಬೇರೆ, ವಿಂಡೋಸಿನ ಅಳತೆ ಬೇರೆ.

ತುಂಬಿದ್ದಕ್ಕೆ ಮುಖ್ಯ ಕಾರಣ ಎರಡು ಸಿಕ್ಕಿದವು. ಫೋಟೋಗಳಲ್ಲವೇ ಅಲ್ಲ.

ಮೊದಲನೆಯದು ನಮ್ಮದೇ ಬ್ಯಾಕಪ್ಪು. ರಾತ್ರಿ ಲೆಕ್ಕ ಮುಚ್ಚುವಾಗ ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿ ಒಂದು ಬ್ಯಾಕಪ್ ತೆಗೆಯುತ್ತದೆ. ಅದನ್ನು ಹಾಕಿಕೊಟ್ಟವರು ಬ್ಯಾಕಪ್ಪಿನ ಜಾಗವನ್ನೂ ಸಿ ಡ್ರೈವಿನಲ್ಲೇ ಇಟ್ಟಿದ್ದರು, ಹಳೆಯದನ್ನು ತೆಗೆಯುವ ಏರ್ಪಾಡು ಮಾಡಿರಲಿಲ್ಲ. ದಿನಕ್ಕೆ ಸುಮಾರು 90 ಎಂಬಿ ಎಂದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಹದಿನಾಲ್ಕು ತಿಂಗಳಲ್ಲಿ 420 ಫೈಲುಗಳಾಗಿ 37 ಜಿಬಿ ನುಂಗಿದ್ದವು. ಇಲ್ಲಿ ತಿಳಿಯಬೇಕಾದ್ದೇನೆಂದರೆ, ನಮ್ಮ ಸಾಫ್ಟ್‌ವೇರಿನ ಪ್ರತಿ ಬ್ಯಾಕಪ್ಪಿನಲ್ಲೂ ವರ್ಷದ ಆರಂಭದಿಂದ ಆ ದಿನದವರೆಗಿನ ಪೂರ್ತಿ ಲೆಕ್ಕ ಇರುತ್ತದೆ. ನಿನ್ನೆಯದು ಸರಿಯಾಗಿದ್ದರೆ ಮೂರು ತಿಂಗಳ ಹಿಂದಿನ ಮಂಗಳವಾರದ್ದು ಬೇಕಿಲ್ಲ. ನಿಮ್ಮದರಲ್ಲೂ ಹೀಗೆಯೇ ಇದೆಯೇ ಎಂದು ಸಾಫ್ಟ್‌ವೇರಿನವರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಆದರೂ ಎಲ್ಲವನ್ನೂ ಅಳಿಸಲಿಲ್ಲ. ಕಡೆಯ ಮೂವತ್ತು ದಿನದ್ದು ಅಲ್ಲೇ ಉಳಿಯಿತು. ಪ್ರತಿ ತಿಂಗಳ ಕೊನೆಯ ದಿನದ್ದು ಹಾಗೂ ಮಾರ್ಚ್ 31ರದ್ದು ಹೊರಗಿನ ಹಾರ್ಡ್ ಡಿಸ್ಕಿಗೆ ಹೋಯಿತು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು, ಹೀಗಾಗಿ ವರ್ಷದ ಕೊನೆಯ ಪ್ರತಿ ಚಿನ್ನದಂತೆ. ಅಳಿಸುವ ಮೊದಲು ಅಳಿಯ ಹೊರಗಿನ ಡಿಸ್ಕಿನ ಪ್ರತಿಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಬಿಲ್ಲುಗಳು ಕಾಣುತ್ತವೆಯೇ ಎಂದು ನೋಡಿದ. ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಮೂಲವನ್ನು ಅಳಿಸಬಾರದು. ಇದರಿಂದ 34 ಜಿಬಿ ಬಂತು. ಬಹಳ ಮಂದಿ ಇದನ್ನು ಡಿ ಡ್ರೈವಿಗೆ ಸಾಗಿಸುತ್ತಾರೆ. ಸಿ ಖಾಲಿಯಾಗುವುದು ನಿಜ, ಆದರೆ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲಾಗಿದ್ದರೆ ಡಿಸ್ಕು ಸತ್ತ ದಿನ ಎರಡೂ ಹೋಗುತ್ತವೆ.

ಎರಡನೆಯದು Windows.old ಎಂಬ ಫೋಲ್ಡರು. ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ನಾವು ಅದೇ ವಾರ ವಿಂಡೋಸ್ 11 ಹಾಕಿಸಿದ್ದೆವು. ಹಾಗೆ ಹಾಕಿದಾಗ ಹಳೆಯ ವಿಂಡೋಸ್ ಪೂರ್ತಿ ಈ ಫೋಲ್ಡರಿನಲ್ಲಿ ಕೂತಿರುತ್ತದೆ. ನಮ್ಮಲ್ಲಿ 21 ಜಿಬಿ. ಮೊದಲೇ ಬ್ಯಾಕಪ್ಪಿನಿಂದ ಬಿಗಿಯಾಗಿದ್ದ ಡಿಸ್ಕು ಇದರಿಂದ ಕತ್ತಿನವರೆಗೆ ತುಂಬಿತು.

ಇದನ್ನು ಅಳಿಸಬಹುದು, ಆದರೆ ಅಳಿಸಿದ ಮೇಲೆ ಹಳೆಯ ವಿಂಡೋಸಿಗೆ ಹಿಂದೆ ಹೋಗಲು ದಾರಿ ಇಲ್ಲ. ಹಿಂದೆ ಹೋಗಲು ವಿಂಡೋಸ್ ಕೊಡುವ ಅವಧಿ ಹತ್ತು ದಿನ, ಆಮೇಲೆ ಸಾಮಾನ್ಯವಾಗಿ ತಾನೇ ತೆಗೆದುಹಾಕುತ್ತದೆ. ಬ್ಯಾಕಪ್ಪಿನಿಂದ ಜಾಗ ಸಿಕ್ಕಿದ್ದರಿಂದ ನಾವು ಅವಸರ ಮಾಡಲಿಲ್ಲ. ಕಾದದ್ದು ಒಳ್ಳೆಯದಾಯಿತು. ಪಾರ್ಸೆಲ್ ಕೌಂಟರಿನ ಪ್ರಿಂಟರು ಹೊಸ ವಿಂಡೋಸಿನಲ್ಲಿ ಕೆಲಸ ಮಾಡುತ್ತಿಲ್ಲವೆಂದು ಆ ನಡುವೆ ಗೊತ್ತಾಯಿತು, ಹೊಸ ಡ್ರೈವರ್ ಹಾಕಿಸಿದೆವು. ಅಡುಗೆಮನೆಯ ಕೆಓಟಿ ಪ್ರಿಂಟರು, ಕಾರ್ಡು ಯಂತ್ರ, ಹಾಜರಾತಿ ಯಂತ್ರ ಎಲ್ಲ ಸರಿಯಿದೆಯೆಂದು ನೋಡಿದ ಮೇಲೆಯೇ ಅದನ್ನು ಬಿಟ್ಟುಕೊಟ್ಟದ್ದು.

ಉಳಿದ ಗುಡಿಸುವಿಕೆಗೆ ವಿಂಡೋಸಿನಲ್ಲೇ ಪೊರಕೆ ಇದೆ. Settings, ಅದರಲ್ಲಿ System, Storage, ನಂತರ Temporary files ತೆರೆಯಿರಿ. ಸ್ವಲ್ಪ ಹೊತ್ತು ಲೆಕ್ಕ ಹಾಕಿ ಪಟ್ಟಿ ತೋರಿಸುತ್ತದೆ. Windows Update Cleanup, Delivery Optimization Files, Temporary files ಇವುಗಳಿಗೆ ಗುರುತು ಹಾಕಿ ಅಳಿಸಿದರೆ ತೊಂದರೆಯಿಲ್ಲ. ನಮಗೆ 3 ಜಿಬಿ ಬಂತು. ಅದೇ ಪಟ್ಟಿಯಲ್ಲಿ Downloads ಎಂದೂ ಇರುತ್ತದೆ, ಅದಕ್ಕೆ ಮಾತ್ರ ಗುರುತು ಹಾಕಬೇಡಿ. ಸಪ್ಲಾಯರ್ ಕಳಿಸಿದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ಹೆಚ್ಚಿನವರಲ್ಲಿ ಬಿದ್ದಿರುವುದು ಅಲ್ಲೇ. Previous Windows installation(s) ಎಂದರೆ ಮೇಲೆ ಹೇಳಿದ ಹಳೆಯ ವಿಂಡೋಸ್.

ಇನ್ನೊಂದು ಕಣ್ಣಿಗೆ ಕಾಣದ ಫೈಲು hiberfil.sys. ಕಂಪ್ಯೂಟರ್ ಹೈಬರ್ನೇಟ್ ಆಗುವಾಗ ನೆನಪನ್ನು ಬರೆದಿಡಲು ಮೀಸಲಿಟ್ಟ ಜಾಗ. ನಮ್ಮ 8 ಜಿಬಿ ರ‍್ಯಾಮಿಗೆ 3 ಜಿಬಿಗೂ ಸ್ವಲ್ಪ ಮೇಲೆ. ಗಲ್ಲಾ ಕಂಪ್ಯೂಟರನ್ನು ಯಾರೂ ಹೈಬರ್ನೇಟ್ ಮಾಡುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು Run as administrator ಎಂದು ತೆರೆದು ಅಳಿಯ ಹೀಗೆ ಬರೆದ:

```
powercfg /h off
```

ಬೆಳಿಗ್ಗೆ ಶುರುವಾಗಲು ಕೆಲವು ಸೆಕೆಂಡು ಹೆಚ್ಚು ಬೇಕಾಗಬಹುದು, ಅಷ್ಟೇ. ಬೇಡವಾದರೆ off ಬದಲು on ಎಂದು ಬರೆದರೆ ಹಿಂದಿನಂತೆ. ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಬೇಡಿ, ಬ್ಯಾಟರಿ ಮುಗಿಯುವಾಗ ತೆರೆದಿಟ್ಟ ಕೆಲಸ ಉಳಿಸುವುದು ಅದೇ.

ಮುಟ್ಟಬಾರದ ಸಂಗತಿಗಳೂ ಇವೆ. Windows ಫೋಲ್ಡರಿನೊಳಗಿನ WinSxS ಬಹಳ ದೊಡ್ಡದಾಗಿ ಕಾಣುತ್ತದೆ, ಆದರೆ ಬೇರೆ ಕಡೆ ಇರುವ ಫೈಲುಗಳೇ ಅಲ್ಲೂ ಎಣಿಕೆಯಾಗುತ್ತವೆ, ನಿಜವಾದ ಗಾತ್ರ ಅಷ್ಟಿಲ್ಲ. ಕೈಯಿಂದ ಅಳಿಸಿದರೆ ವಿಂಡೋಸೇ ಏಳದಿರಬಹುದು. Installer ಫೋಲ್ಡರನ್ನು ನಮ್ಮ ಪರಿಚಯದ ಮಾಲೀಕರೊಬ್ಬರ ಹುಡುಗ ಖಾಲಿ ಮಾಡಿದ್ದ. ಆ ದಿನ ಏನೂ ಆಗಲಿಲ್ಲ. ತಿಂಗಳುಗಳ ನಂತರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಹೋದಾಗ ಹಳೆಯದು ಹೋಗಲಿಲ್ಲ, ಹೊಸದು ಬರಲಿಲ್ಲ. mdf, ldf ಎಂದು ಕೊನೆಯಾಗುವ ಫೈಲುಗಳು ಬಿಲ್ಲಿಂಗಿನ ಜೀವ, ಅವು ದೊಡ್ಡದಾಗಿದ್ದರೆ ಸಾಫ್ಟ್‌ವೇರಿನವರೇ ಕಿರಿದು ಮಾಡಬೇಕು. ರಿಜಿಸ್ಟ್ರಿ ಕ್ಲೀನ್ ಮಾಡಿಕೊಡುತ್ತೇವೆಂದು ಬರುವವರಿಗೆ ದುಡ್ಡು ಕೊಡಬೇಡಿ, ಅದರಿಂದ ಜಾಗ ಬರುವುದಿಲ್ಲ.

ನೋಟ್‌ಬುಕ್ಕಿನ ಲೆಕ್ಕ ಹೀಗಿದೆ: ಬುಟ್ಟಿ 4, ಬ್ಯಾಕಪ್ಪು 34, ತಾತ್ಕಾಲಿಕ ಫೈಲು 3, ಹೈಬರ್ನೇಟ್ 3, ಹಳೆಯ ವಿಂಡೋಸ್ 21. ಒಟ್ಟು 65 ಜಿಬಿ. ಆದರೆ ಬ್ಯಾಕಪ್ಪಿನ ಸೆಟ್ಟಿಂಗ್ ಬದಲಿಸದಿದ್ದರೆ ಇನ್ನೊಂದು ವರ್ಷದಲ್ಲಿ ಅದೇ ಶನಿವಾರ. ಈಗ ಬ್ಯಾಕಪ್ ನೇರ ಹೊರಗಿನ ಡಿಸ್ಕಿಗೆ ಹೋಗುತ್ತದೆ, ಮೂವತ್ತು ದಿನ ದಾಟಿದ್ದು ತಾನೇ ಹೋಗುತ್ತದೆ. ಸಾಫ್ಟ್‌ವೇರಿನವರು ಫೋನಿನಲ್ಲೇ ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು. ಪ್ರತಿ ತಿಂಗಳ ಒಂದನೇ ತಾರೀಖು ಹುಡುಗ ಸಿ ಡ್ರೈವಿನಲ್ಲಿ ಖಾಲಿ ಎಷ್ಟು ಎಂದು ಗ್ಯಾಸ್ ಸಿಲಿಂಡರಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತಾನೆ. 20 ಜಿಬಿಗಿಂತ ಕೆಳಗಿಳಿದರೆ ಅಳಿಯನಿಗೆ ಫೋನು.