ಕಾಯಿ ಕೀಳುವ ಮೊದಲೇ ಹೊರಡುವ ಸಂದೇಶ

ಮೇ ತಿಂಗಳು ಬಂತೆಂದರೆ ರಾಮನಗರ ಸೀಮೆಯ ಮಾವಿನ ತೋಟಗಳಿಂದ ಬೆಂಗಳೂರಿನ ಮನೆಗಳಿಗೆ ವಾಟ್ಸ್‌ಆ್ಯಪ್ ಸಂದೇಶಗಳು ಬರತೊಡಗುತ್ತವೆ. ಮಂಡಿಗೆ ಹಾಕದೆ, ಗೊತ್ತಿರುವ ಮನೆಗಳಿಗೇ ನೇರವಾಗಿ ಹಣ್ಣು ಕೊಡುವ ರೈತರು ಕಳಿಸುವ ಸಂದೇಶಗಳಿವು. ಅವುಗಳಲ್ಲಿ ಒಂದು ಸುಮಾರು ಹೀಗಿರುತ್ತದೆ:

“ನಮಸ್ಕಾರ. ಬಾದಾಮಿ ಬಲಿತಿದೆ. ಮಂಗಳವಾರ (ಮೇ 12) ಕೀಳುತ್ತೇವೆ. 3 ಕೆಜಿ ಬಾಕ್ಸ್ 420 ರೂಪಾಯಿ, ತಲುಪಿಸುವ ಖರ್ಚೂ ಸೇರಿ. ಈ ಸಲ 60 ಬಾಕ್ಸ್ ಮಾತ್ರ. ಭಾನುವಾರ (ಮೇ 17) ಬೆಳಿಗ್ಗೆ 8ಕ್ಕೆ ಕೆಂಗೇರಿ, 9.30ಕ್ಕೆ ಆರ್.ಆರ್. ನಗರ, 11ಕ್ಕೆ ಜಯನಗರ. ಬೇಕಾದವರು ಸೋಮವಾರ ಸಂಜೆ 6ರೊಳಗೆ ಹೆಸರು, ಜಾಗ, ಎಷ್ಟು ಬಾಕ್ಸ್ ಎಂದು ತಿಳಿಸಿ. ಹುಲ್ಲಿನಲ್ಲಿ ಅಡೆ ಹಾಕಿದ ಹಣ್ಣು, ಎಲ್ಲವೂ ಒಂದೇ ದಿನ ಮಾಗುವುದಿಲ್ಲ. ಫ್ರಿಜ್‌ನಲ್ಲಿ ಇಡಬೇಡಿ. ರಸಪುರಿ ಮುಂದಿನ ವಾರ.”

ನೋಡಲು ಸಾದಾ ಸಂದೇಶ. ಆದರೆ ಇದರಲ್ಲಿರುವ ಒಂದೊಂದು ದಿನವನ್ನೂ ಹಣ್ಣೇ ಗೊತ್ತುಮಾಡಿದೆ. ಬಾದಾಮಿ ಮರದಲ್ಲೇ ಹಣ್ಣಾಗಲಿ ಎಂದು ಬಿಡುವಂತಿಲ್ಲ, ಬಲಿತ ಕಾಯಿಯನ್ನೇ ಕಿತ್ತು ಅಡೆ ಹಾಕಬೇಕು. ತೊಟ್ಟಿನ ಪಕ್ಕದ ಭುಜ ಉಬ್ಬಿ ತೊಟ್ಟಿಗಿಂತ ಮೇಲೆದ್ದರೆ ಕಾಯಿ ಬಲಿತಿದೆ ಎಂದು ಲೆಕ್ಕ. ಅನುಮಾನವಿದ್ದರೆ ನಾಲ್ಕು ಕಾಯಿ ಕಿತ್ತು ಬಕೆಟ್ ನೀರಿಗೆ ಹಾಕಿ ನೋಡುತ್ತಾರೆ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಕಿತ್ತ ಮೇಲೆ ಹುಲ್ಲಿನಲ್ಲಿ ಮಾಗಲು ಸುಮಾರು ಒಂದು ವಾರ ಬೇಕು. ಮಂಗಳವಾರ ಕಿತ್ತು ಐದು ದಿನ ಅಡೆಯಲ್ಲಿಟ್ಟರೆ ಭಾನುವಾರ ಬಣ್ಣ ತಿರುಗಿರುತ್ತದೆ, ಆದರೂ ಗಟ್ಟಿಯಾಗಿರುತ್ತದೆ. ಗಾಡಿಯಲ್ಲಿ ಕುಲುಕಿದರೂ ನಜ್ಜುಗುಜ್ಜಾಗುವುದಿಲ್ಲ. ಮನೆಯಲ್ಲಿ ಎರಡು ಮೂರು ದಿನ ಇಟ್ಟರೆ ತಿನ್ನುವ ಹದಕ್ಕೆ ಬರುತ್ತದೆ. ಪೂರ್ತಿ ಮಾಗಿದ ಮೇಲೆ ಸಾಗಿಸಿದರೆ ಬಾಕ್ಸಿನ ತಳದ ಹಣ್ಣು ರಸವಾಗಿಯೇ ಮನೆ ಸೇರುತ್ತದೆ.

ಹಾಗಾಗಿ ಸಂದೇಶದಲ್ಲಿ ತಲುಪಿಸುವ ದಿನಕ್ಕಿಂತಲೂ ಮುಖ್ಯವಾದದ್ದು “ಸೋಮವಾರ ಸಂಜೆ 6ರೊಳಗೆ” ಎಂಬ ಗಡುವು. ಎಷ್ಟು ಕಾಯಿ ಕೀಳಬೇಕೆಂದು ತೀರ್ಮಾನವಾಗುವುದೇ ಅಲ್ಲಿ. ಮರದಲ್ಲಿರುವ ಬಲಿತ ಕಾಯಿಗೆ ಇನ್ನೂ ಕೆಲವು ದಿನದ ಅವಕಾಶವಿದೆ. ಒಮ್ಮೆ ಕಿತ್ತರೆ ಮುಗಿಯಿತು, ಆರ್ಡರ್ ಬಾರದ ಕಾಯಿ ಮಂಡಿಗೇ ಹೋಗಬೇಕು, ಅಲ್ಲಿ ಸಿಕ್ಕ ದರಕ್ಕೆ ಬಿಡಬೇಕು. ಮೊದಲು ಕಿತ್ತು ಆಮೇಲೆ ಸಂದೇಶ ಕಳಿಸುವವರು ಕೈ ಸುಟ್ಟುಕೊಳ್ಳುವುದು ಇಲ್ಲಿಯೇ.

60 ಬಾಕ್ಸಿಗೆ 180 ಕೆಜಿ ಕಿತ್ತರೆ ಸಾಲುವುದಿಲ್ಲ. ಅಡೆಯಲ್ಲಿ ಮಾಗುವಾಗ ಹಣ್ಣು ನೀರು ಕಳೆದುಕೊಂಡು ತೂಕ ಇಳಿಯುತ್ತದೆ. ಕಾಯಿಯಾಗಿದ್ದಾಗ ಸರಿಯಾಗಿ 3 ಕೆಜಿ ತೂಗಿದ ಬಾಕ್ಸು, ಮನೆಯ ತಕ್ಕಡಿಯಲ್ಲಿ ಕಡಿಮೆ ತೋರಿಸಿದರೆ ಗಿರಾಕಿ ಮೋಸವೆಂದೇ ತಿಳಿಯುತ್ತಾರೆ. ಅದಕ್ಕೆ ಬಾಕ್ಸಿಗೆ 200 ಗ್ರಾಂ ಹೆಚ್ಚು ಹಾಕುವುದು ಜಾಣತನ. ಅಲ್ಲಿಗೆ 192 ಕೆಜಿ ಆಯಿತು. ಸೊನೆ ತಾಗಿ ಕಪ್ಪಾದದ್ದು, ಗೀರಿದ್ದು, ತೀರಾ ಸಣ್ಣದು ಎಂದು ಆರಿಸಿ ತೆಗೆದರೆ ಸುಮಾರು 220 ಕೆಜಿ ಕೀಳಬೇಕಾಗುತ್ತದೆ. ದೋಟಿಯ ಬಲೆಗೆ ಬೀಳಿಸಿ, ತೊಟ್ಟು ಸ್ವಲ್ಪ ಉಳಿಸಿ ಕಿತ್ತರೆ ಸೊನೆ ಸಿಪ್ಪೆಯ ಮೇಲೆ ಹರಿಯದೆ ಈ ನಷ್ಟ ತಗ್ಗುತ್ತದೆ.

ಇನ್ನು ದರ. 420 ರೂಪಾಯಿ ಎಂದರೆ ಕೆಜಿಗೆ 140, ಮಂಡಿ ದರದ ಪಕ್ಕದಲ್ಲಿಟ್ಟು ನೋಡಿದರೆ ದುಬಾರಿ ಎನಿಸಬಹುದು. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಬಾಕ್ಸು, ಕಾಗದ, ಹುಲ್ಲಿಗೆ 35 ರೂಪಾಯಿ, ಕೀಳುವ, ಆರಿಸುವ ಕೂಲಿಗೆ 25, ಕೆಟ್ಟ ಹಣ್ಣಿನ ಬದಲಿಗೆ ಎತ್ತಿಡುವುದು 10. ರಾಮನಗರದಿಂದ ಬೆಂಗಳೂರಿಗೆ ಹೋಗಿ ಬರುವ ಗೂಡ್ಸ್ ಗಾಡಿಯ ಬಾಡಿಗೆ 2,400 ಎಂದಿಟ್ಟುಕೊಂಡರೆ 60 ಬಾಕ್ಸಿಗೆ ತಲಾ 40. ಒಟ್ಟು ಖರ್ಚು 110, ರೈತರಿಗೆ ಉಳಿಯುವುದು 310. ಆದರೆ 30 ಬಾಕ್ಸಿಗಷ್ಟೇ ಆರ್ಡರ್ ಬಂದರೆ ಗಾಡಿಯ ಬಾಡಿಗೆ ತಲಾ 80 ಆಗಿ, ಉಳಿಯುವುದು 270ಕ್ಕೆ ಇಳಿಯುತ್ತದೆ. ಮನೆಮನೆಗೆ ಹೋಗದೆ ಮೂರೇ ಜಾಗ, ಮೂರೇ ಸಮಯ ಎಂದು ಬರೆಯುವುದು ಇದೇ ಕಾರಣಕ್ಕೆ. ಬಾಡಿಗೆಯ ಜೊತೆಗೆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬಿಸಿಲೇರಿದ ಗಾಡಿಯಲ್ಲಿ ನಿಂತ ಹಣ್ಣು ಮಧ್ಯಾಹ್ನದ ಹೊತ್ತಿಗೆ ಬಾಡತೊಡಗುತ್ತದೆ.

3 ಕೆಜಿ ಬಾಕ್ಸ್ ಬೆಂಗಳೂರಿಗರಿಗೆ ಹೊಸದಲ್ಲ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಅಂಚೆ ಇಲಾಖೆಯ ಜೊತೆ ಸೇರಿ ಮನೆಗಳಿಗೆ ಮಾವು ಕಳಿಸಿದ್ದೂ 3 ಕೆಜಿ ಪೆಟ್ಟಿಗೆಗಳಲ್ಲೇ.

“ಎಲ್ಲವೂ ಒಂದೇ ದಿನ ಮಾಗುವುದಿಲ್ಲ” ಎಂಬ ಸಾಲನ್ನು ಅನುಭವಿ ರೈತರು ಬಿಡುವುದೇ ಇಲ್ಲ. ಹುಲ್ಲಿನ ಅಡೆಯಲ್ಲಿ ಒಂದು ಹಣ್ಣು ಹಳದಿಯಾದರೆ ಪಕ್ಕದ್ದು ಇನ್ನೂ ಹಸಿರಾಗಿಯೇ ಇರುತ್ತದೆ. ಅಂಗಡಿಯಲ್ಲಿ ಒಂದೇ ಬಣ್ಣದ ರಾಶಿ ನೋಡಿ ರೂಢಿಯಾದವರು ಇದನ್ನು ಕಂಡು ಕಾಯಿ ಕಳಿಸಿದ್ದಾರೆ ಎಂದು ದೂರುತ್ತಾರೆ. ಆದರೆ ಇಡೀ ಬಾಕ್ಸು ಒಂದೇ ದಿನ ಒಂದೇ ಬಣ್ಣಕ್ಕೆ ತಿರುಗಿದರೆ ಅದನ್ನು ಅನಿಲದಿಂದ ಮಾಗಿಸಿರುವ ಸಾಧ್ಯತೆಯೇ ಹೆಚ್ಚು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಮಾಗಿಸುವುದು ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ನಿಷಿದ್ಧ. ಮಿತಿಯೊಳಗೆ ಎಥಿಲೀನ್ ಬಳಸಲು ಅನುಮತಿಯಿದೆ. ಕಾರ್ಬೈಡ್ ಇಲ್ಲ ಎಂದು ಬರೆದು ಬಿಡುವುದಕ್ಕಿಂತ ಹೇಗೆ ಮಾಗಿಸಿದೆ, ಹೇಗೆ ಕಾಣುತ್ತದೆ ಎಂದು ಹೇಳಿದರೆ ಗಿರಾಕಿಯ ನಂಬಿಕೆ ಗಟ್ಟಿಯಾಗುತ್ತದೆ. ಫ್ರಿಜ್‌ನ ಎಚ್ಚರಿಕೆಯೂ ಅಂಥದ್ದೇ. ಮಾಗುವ ಮೊದಲೇ ತಂಪಿಗೆ ಸಿಕ್ಕಿದ ಮಾವು ಮುಂದೆ ಸರಿಯಾಗಿ ಹಣ್ಣಾಗುವುದಿಲ್ಲ, ಸಿಪ್ಪೆ ಕಂದುತ್ತದೆ.

ಬಾದಾಮಿಗೆ ಇನ್ನೊಂದು ಕಾಟವಿದೆ. ಹೊರಗೆ ಚಂದವಾಗಿದ್ದರೂ ಕೊಯ್ದರೆ ಒಳಗೆ ವಾಟೆಯ ಸುತ್ತ ತಿರುಳು ಬಿಳಿಚಿ, ಸ್ಪಂಜಿನಂತಾಗಿ ಹುಳಿ ವಾಸನೆ ಬರುತ್ತದೆ. ಹೊರಗಿನಿಂದ ನೋಡಿ ಇದನ್ನು ಗುರುತಿಸಲು ಆಗುವುದಿಲ್ಲ, ಎಷ್ಟೇ ಎಚ್ಚರದಿಂದ ಆರಿಸಿದರೂ ಒಂದೆರಡು ನುಸುಳುತ್ತವೆ. ಕೊಯ್ದ ಹಣ್ಣಿನ ಫೋಟೊ ಕಳಿಸಿದರೆ ಮುಂದಿನ ಬಾಕ್ಸಿಗೆ ಬದಲಿ ಹಣ್ಣು ಸೇರಿಸುತ್ತೇವೆ ಎಂಬ ಒಂದು ಸಾಲು ಮೊದಲ ಸಂದೇಶದಲ್ಲೇ ಇದ್ದರೆ ಜಗಳಕ್ಕೆ ಜಾಗವಿರುವುದಿಲ್ಲ. ಮೇಲಿನ ಮಾದರಿಯಲ್ಲಿ ಇಲ್ಲದ್ದು ಇದೊಂದೇ. ಇದ್ದಿದ್ದರೆ ಸಂದೇಶ ಪೂರ್ಣವಾಗುತ್ತಿತ್ತು.

ಸೋಮವಾರ ರಾತ್ರಿ ಗಾಳಿಮಳೆ ಬಂದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಉದುರಿದ ಕಾಯಿ ಪೆಟ್ಟು ತಿಂದಿರುತ್ತದೆ, ಅಡೆ ಹಾಕಿದರೆ ಕೊಳೆಯುತ್ತದೆ. ಆಗ ಮಂಗಳವಾರವೇ ಎರಡನೆಯ ಸಂದೇಶ ಹೋಗಬೇಕು: “ಮಳೆಗೆ ಕಾಯಿ ಉದುರಿದೆ, 45 ಬಾಕ್ಸ್ ಮಾತ್ರ ಆಗುತ್ತದೆ, ಮೊದಲು ಹೇಳಿದವರಿಗೆ ಈ ವಾರ, ಉಳಿದವರಿಗೆ ಮುಂದಿನ ಭಾನುವಾರ.” ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬಂದು ನಿಂತವರಿಗೆ ಇದನ್ನು ಹೇಳಿದರೆ ಆ ಮನೆ ಕೈಬಿಟ್ಟಂತೆಯೇ.

ಇವೆಲ್ಲ ಸರಿಯಿದ್ದರೂ ಕೆಲವು ಮನೆಗೆ ಸಂದೇಶ ತಲುಪುವುದೇ ಇಲ್ಲ. ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಶುಭೋದಯಗಳ ನಡುವೆ ದರ ಕಳೆದುಹೋಗುತ್ತದೆ ಎಂದು ಬಹಳ ಮಂದಿ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುತ್ತಾರೆ. ಒಂದು ಪಟ್ಟಿಗೆ 256 ಮಂದಿಯನ್ನು ಸೇರಿಸಬಹುದು. ಆದರೆ ರೈತರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. “ನಮಗೆ ಯಾಕೆ ಹೇಳಲಿಲ್ಲ” ಎಂದು ಕೇಳುವ ಗಿರಾಕಿಯ ಫೋನಿನಲ್ಲಿ ಬಹುತೇಕ ಆ ನಂಬರ್ ಇರುವುದಿಲ್ಲ. ನೀವೂ ಯಾವುದಾದರೂ ತೋಟದಿಂದ ನೇರವಾಗಿ ಹಣ್ಣು ತರಿಸುವವರಾದರೆ ಇವತ್ತೇ ಆ ನಂಬರನ್ನು ಸೇವ್ ಮಾಡಿಕೊಳ್ಳಿ, ಬೇಕೋ ಬೇಡವೋ ಎಂಬುದನ್ನು ಗಡುವಿನೊಳಗೆ ಒಂದು ಸಾಲಿನಲ್ಲಿ ತಿಳಿಸಿಬಿಡಿ.