ಕೊನೆಯ ನಾಲ್ಕು ಬೆರಳು ಎತ್ತರ

ಜಿಮ್‌ನಲ್ಲಿ ಹಿಪ್ ಥ್ರಸ್ಟ್ ಮಾಡುವವರನ್ನು ಸ್ವಲ್ಪ ಹೊತ್ತು ಗಮನಿಸಿ. ಬಾರ್ ಮುಕ್ಕಾಲು ಎತ್ತರದವರೆಗೆ ಸರಾಗವಾಗಿ ಏರುತ್ತದೆ. ಇನ್ನು ನಾಲ್ಕು ಬೆರಳು ಬಾಕಿ ಇದೆ ಅನ್ನುವಾಗ ವೇಗ ಕುಗ್ಗುತ್ತದೆ, ತೊಡೆ ನಡುಗುತ್ತದೆ, ಸೊಂಟ ಅಲ್ಲೇ ನಿಂತುಬಿಡುತ್ತದೆ. ಸ್ಕ್ವಾಟ್ ಇದಕ್ಕೆ ತಿರುವುಮುರುವು. ಅಲ್ಲಿ ತಳದಿಂದ ಏಳುವುದೇ ಕಷ್ಟ, ಮೇಲೆ ಬಂದ ಮೇಲೆ ಬಾರ್ ಹೊತ್ತು ನಿಂತು ಉಸಿರು ತೆಗೆದುಕೊಳ್ಳಬಹುದು. ಎರಡರಲ್ಲೂ ದುಡಿಯುವುದು ಸೊಂಟದ ಕೀಲನ್ನು ನೇರ ಮಾಡುವ ಸ್ನಾಯುಗಳೇ. ಆದರೂ ಒಂದು ತಳದಲ್ಲಿ ಕಾಡುತ್ತದೆ, ಇನ್ನೊಂದು ತುದಿಯಲ್ಲಿ.

ಅಮೆರಿಕದ ತರಬೇತುದಾರ ಬ್ರೆಟ್ ಕಾಂಟ್ರೆರಸ್ 2006ರ ಸುಮಾರಿಗೆ ಬಾರ್ಬೆಲ್ ಹಿಪ್ ಥ್ರಸ್ಟನ್ನು ಪ್ರಚಾರಕ್ಕೆ ತಂದಾಗ ಅವರ ಲೆಕ್ಕಾಚಾರವೂ ಇದೇ ಆಗಿತ್ತು: ಸೊಂಟ ಪೂರ್ತಿ ನೇರವಾಗುವ ಹಂತದಲ್ಲಿ ಪೃಷ್ಠದ ಸ್ನಾಯುವಿಗೆ ಸ್ಕ್ವಾಟ್ ಕೆಲಸವನ್ನೇ ಕೊಡುವುದಿಲ್ಲ, ಅಲ್ಲಿಯೂ ಭಾರ ಬೀಳುವಂಥ ವ್ಯಾಯಾಮ ಬೇಕು.

ಭಂಗಿ ಸರಳ. ನೆಲದಲ್ಲಿ ಕೂತು, ಭುಜದ ಎಲುಬಿನ ಕೆಳಅಂಚನ್ನು ಸುಮಾರು 40 ಸೆಂ.ಮೀ. ಎತ್ತರದ ಬೆಂಚಿನ ಅಂಚಿಗೆ ಒರಗಿಸಬೇಕು. ಬಾರ್ ತೊಡೆಸಂದಿನ ಮೇಲೆ, ನಡುವೆ ದಪ್ಪನೆಯ ಪ್ಯಾಡ್. ಪಾದ ನೆಲಕ್ಕೆ ಊರಿ, ಸೊಂಟವನ್ನು ಮೇಲೆತ್ತಬೇಕು. ತುದಿಯಲ್ಲಿ ಭುಜದಿಂದ ಮೊಣಕಾಲಿನವರೆಗೆ ಮೈ ಒಂದೇ ಮಟ್ಟಕ್ಕೆ ಬರಬೇಕು. ಆಗ ದೇಹ ಮಲೆನಾಡಿನ ಹಳ್ಳಕ್ಕೆ ಹಾಕಿದ ಕಾಲುಸಂಕದಂತಿರುತ್ತದೆ: ಒಂದು ತುದಿ ಬೆಂಚಿನ ಮೇಲೆ, ಇನ್ನೊಂದು ಪಾದಗಳ ಮೇಲೆ, ಹೊರೆ ನಟ್ಟನಡುವೆ. ಆದರೆ ಈ ಸಂಕದ ನಡುವೆ ಒಂದು ಕೀಲಿದೆ. ಅದು ಮಡಚಿಕೊಳ್ಳದಂತೆ ಹಿಡಿಯುವುದೇ ಪೃಷ್ಠದ ಕೆಲಸ.

ತುದಿಯಲ್ಲಿ ಭಾರವೇ ಹೆಚ್ಚಾಗುತ್ತದೆ ಎಂದು ಹಲವರು ಹೇಳುವುದುಂಟು. ಲೆಕ್ಕ ಹಾಕಿ ನೋಡೋಣ. 60 ಕೆ.ಜಿ. ಬಾರ್, ಮೇಲಿನ ಸ್ಥಿತಿಯಲ್ಲಿ ಬೆಂಚಿನಿಂದ ಸೊಂಟಕ್ಕೆ 50 ಸೆಂ.ಮೀ., ಸೊಂಟದಿಂದ ಪಾದಕ್ಕೆ 42 ಸೆಂ.ಮೀ. ಎಂದಿಟ್ಟುಕೊಳ್ಳಿ. ಆಗ ಪಾದಗಳ ಪಾಲಿಗೆ ಸುಮಾರು 33 ಕೆ.ಜಿ. ಬರುತ್ತದೆ, ಉಳಿದದ್ದು ಬೆಂಚಿಗೆ. ಸೊಂಟವನ್ನು ಮಡಚಲು ನೋಡುವ ಬಲ ಪಾದದ ಪಾಲು ಮತ್ತು ಆ 42 ಸೆಂ.ಮೀ. ದೂರದ ಗುಣಲಬ್ಧ, ಅಂದರೆ ಹತ್ತಿರಹತ್ತಿರ 1,370. ಈಗ ಸೊಂಟವನ್ನು 30 ಸೆಂ.ಮೀ. ಕೆಳಗಿಳಿಸಿ. ಬೆಂಚೂ ಪಾದವೂ ಕದಲುವುದಿಲ್ಲವಾದ್ದರಿಂದ ಸೊಂಟ ಬೆಂಚಿನ ಕಡೆಗೆ ಸರಿಯುತ್ತದೆ: ಆ ಕಡೆ 40, ಈ ಕಡೆ 52 ಸೆಂ.ಮೀ. ಪಾದದ ಪಾಲು 26 ಕೆ.ಜಿ.ಗೆ ಇಳಿಯಿತು, ದೂರ ಹೆಚ್ಚಿತು, ಗುಣಲಬ್ಧ ಸುಮಾರು 1,360. ಮೈಭಾರವನ್ನೂ ಪಾದ ಮುಂದಕ್ಕೆ ಹಿಂದಕ್ಕೆ ಒತ್ತುವುದನ್ನೂ ಬಿಟ್ಟ ಒರಟು ಲೆಕ್ಕ ಇದು. ಆದರೂ ವಿಷಯ ಸ್ಪಷ್ಟ: ತುದಿಯಲ್ಲಿ ಭಾರ ಹೆಚ್ಚಾಗಬೇಕಿಲ್ಲ, ಅದು ಕಡಿಮೆಯಾಗುವುದಿಲ್ಲ ಅಷ್ಟೇ. ಸ್ಕ್ವಾಟ್‌ನಲ್ಲಿ ನೆಟ್ಟಗೆ ನಿಂತಾಗ ಬಾರ್ ಸೊಂಟದ ಕೀಲಿನ ನೇರ ಮೇಲಿರುತ್ತದೆ, ದೂರ ಸೊನ್ನೆಗೆ ಹತ್ತಿರ, ಹೊರೆಯನ್ನು ಎಲುಬೇ ಹೊರುತ್ತದೆ. ಇಲ್ಲಿ ಆ ಬಿಡುವಿಲ್ಲ.

ಭಾರ ಅಷ್ಟೇ ಇದ್ದರೆ ತುದಿಯೇ ಏಕೆ ಕಷ್ಟ? ಜೊತೆಗಾರರು ಒಬ್ಬೊಬ್ಬರಾಗಿ ಕೈಬಿಡುವುದರಿಂದ. ಸೊಂಟವನ್ನು ನೇರ ಮಾಡುವಲ್ಲಿ ಪೃಷ್ಠಕ್ಕೆ ಇಬ್ಬರು ದೊಡ್ಡ ನೆರವಿಗರಿದ್ದಾರೆ. ಮೊದಲನೆಯದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ಅದರ ಬಹುಭಾಗ ಕೂರುವ ಎಲುಬಿನಿಂದ ಹೊರಟು ಮೊಣಕಾಲನ್ನು ದಾಟಿ ಕೆಳಗಿನ ಎಲುಬಿಗೆ ಅಂಟಿಕೊಂಡಿದೆ. ಹಿಪ್ ಥ್ರಸ್ಟ್‌ನಲ್ಲಿ ಮೊಣಕಾಲು ಲಂಬಕೋನದಲ್ಲಿ ಮಡಚಿರುತ್ತದೆ, ಹಾಗಾಗಿ ಒಂದು ತುದಿಯಲ್ಲಿ ಸ್ನಾಯು ಆಗಲೇ ಮೋಟಾಗಿದೆ. ಸೊಂಟ ನೇರವಾದಂತೆ ಇನ್ನೊಂದು ತುದಿಯಲ್ಲೂ ಮೋಟಾಗುತ್ತದೆ. ಎರಡೂ ಕಡೆ ಸಡಿಲಗೊಂಡ ಸ್ನಾಯುವಿಗೆ ಎಳೆಯಲು ಹೆಚ್ಚೇನೂ ಉಳಿಯುವುದಿಲ್ಲ. ಎರಡನೆಯದು ಒಳತೊಡೆಯ ಹಿಂದಿನ ದೊಡ್ಡ ಸ್ನಾಯು. ಆಳವಾಗಿ ಕುಕ್ಕರಿಸಿದಾಗ ಅದು ಸೊಂಟವನ್ನು ಬಲವಾಗಿ ಎಬ್ಬಿಸಬಲ್ಲದು, ಸೊಂಟ ನೇರವಾಗುತ್ತ ಬಂದಂತೆ ಅದರ ಸನ್ನೆಯ ಅನುಕೂಲ ಕರಗುತ್ತದೆ. ಕೊನೆಗೆ ಹೊರೆಯ ದೊಡ್ಡ ಪಾಲು ಗ್ಲೂಟಿಯಸ್ ಮ್ಯಾಕ್ಸಿಮಸ್, ಅಂದರೆ ಪೃಷ್ಠದ ದೊಡ್ಡ ಸ್ನಾಯುವಿನ ತಲೆಗೇ ಬರುತ್ತದೆ.

ಅದಕ್ಕೂ ಅಲ್ಲಿ ಸುಖವಿಲ್ಲ. ಸೊಂಟ ನೇರವಾದಾಗ ಅದೂ ತನ್ನ ಅತಿ ಮೋಟು ಸ್ಥಿತಿಯಲ್ಲಿರುತ್ತದೆ, ಒಂದೊಂದು ಎಳೆಯಿಂದ ಹುಟ್ಟುವ ಬಲವೂ ಕಡಿಮೆ. ಅದೇ ಬಲ ಬೇಕೆಂದರೆ ನರಮಂಡಲ ಹೆಚ್ಚು ಎಳೆಗಳನ್ನು ಕೆಲಸಕ್ಕೆ ಎಬ್ಬಿಸಬೇಕು. ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿಯಲ್ಲಿ ಕಾಣುವುದು ಈ ಎಬ್ಬಿಸುವಿಕೆಯೇ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಂದ ಬೇರೆ ಬೇರೆ ಕೋನಗಳಲ್ಲಿ ಸೊಂಟವನ್ನು ಪೂರ್ತಿ ಶಕ್ತಿಯಿಂದ ಒತ್ತಿಸಿ ನೋಡಿದರು. ಪೃಷ್ಠದ ಇಎಂಜಿ ಅತಿ ಹೆಚ್ಚಿದ್ದದ್ದು ಸೊಂಟ ನೇರವಿದ್ದಾಗ, ಒಟ್ಟು ಬಲ ಅತಿ ಹೆಚ್ಚಿದ್ದದ್ದು ಸೊಂಟ 90 ಡಿಗ್ರಿ ಮಡಚಿದ್ದಾಗ. ಅಂದರೆ ತುದಿಯಲ್ಲಿ ಸ್ನಾಯು ಹೆಚ್ಚು ದುಡಿದು ಕಡಿಮೆ ಗಳಿಸುತ್ತದೆ.

ಇಲ್ಲೇ ಹಲವು ತರಬೇತುದಾರರು ಅವಸರ ಮಾಡಿದರು ಎಂದು ನನಗನ್ನಿಸುತ್ತದೆ. 2015ರಲ್ಲಿ ಕಾಂಟ್ರೆರಸ್ ಮತ್ತು ಸಂಗಡಿಗರು 13 ಮಂದಿ ತರಬೇತಿ ಪಡೆದ ಮಹಿಳೆಯರಲ್ಲಿ ಅಳೆದಾಗ ಸ್ಕ್ವಾಟ್‌ಗಿಂತ ಹಿಪ್ ಥ್ರಸ್ಟ್‌ನಲ್ಲಿ ಪೃಷ್ಠದ ಇಎಂಜಿ ಹೆಚ್ಚು ಬಂತು. ಹೆಚ್ಚು ಚಟುವಟಿಕೆಯೆಂದರೆ ಹೆಚ್ಚು ಬೆಳವಣಿಗೆ ಎಂದೇ ಎಲ್ಲರೂ ತಿಳಿದರು. 2023ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು ಹೊಸಬರನ್ನು ಎರಡು ಗುಂಪು ಮಾಡಿ 9 ವಾರ ತಾಲೀಮು ಮಾಡಿಸಿ ಎಂಆರ್‌ಐಯಲ್ಲಿ ಅಳೆದರು. ಪೃಷ್ಠ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮವಾಗಿ ಬೆಳೆದಿತ್ತು. ಸ್ಕ್ವಾಟ್ ಮಾಡಿದವರಲ್ಲಿ ತೊಡೆಯೂ ಜಾಸ್ತಿ ಬೆಳೆದಿತ್ತು. ಹಿಗ್ಗಿದ ಸ್ಥಿತಿಯಲ್ಲಿ ಹೊತ್ತ ಭಾರಕ್ಕೂ ಸ್ನಾಯು ಚೆನ್ನಾಗಿಯೇ ಸ್ಪಂದಿಸುತ್ತದೆ. ಹಾಗಾಗಿ ಬಸ್ಕಿ ಬಿಟ್ಟು ಇದನ್ನಷ್ಟೇ ಹಿಡಿಯಲು ಕಾರಣವಿಲ್ಲ. ತೊಡೆ ದಣಿಯದೆ ಪೃಷ್ಠಕ್ಕೆ ಮಾತ್ರ ಕೆಲಸ ಕೊಡಬೇಕಿದ್ದರೆ, ಅಥವಾ ಸೊಂಟ ನೇರವಾಗುವ ಕೊನೆಯ ಹಂತದಲ್ಲೇ ಬಲ ಬೇಕಿದ್ದರೆ ಇದರ ಬೆಲೆ ಬೇರೆ.

ಆ ಹಂತವನ್ನೇ ಜನ ಕದಿಯುತ್ತಾರೆ. ಪೃಷ್ಠ ಸೋತಾಗ ದೇಹ ಬೆನ್ನನ್ನು ಕಮಾನಾಗಿಸಿ ಬಾರನ್ನು ಮೇಲೆ ತರುತ್ತದೆ. ನೋಡುವವರಿಗೆ ಎತ್ತರ ಸಿಕ್ಕಂತೆಯೇ ಕಾಣುತ್ತದೆ. ಆದರೆ ನೇರವಾದದ್ದು ಸೊಂಟದ ಕೀಲಲ್ಲ, ಬಾಗಿದ್ದು ಬೆನ್ನುಮೂಳೆ. ಪಕ್ಕೆಲುಬು ಮೇಲಕ್ಕೆ ಉಬ್ಬಿದ್ದರೆ, ಮಾಡಿದ ಮೇಲೆ ಉರಿ ಪೃಷ್ಠದಲ್ಲಿರದೆ ನಡುವಿನ ಹಿಂಭಾಗದಲ್ಲಿದ್ದರೆ ಇದೇ ಆಗಿದೆ. ಗದ್ದವನ್ನು ಎದೆಯತ್ತ ತಂದು ದೃಷ್ಟಿಯನ್ನು ಮೊಣಕಾಲುಗಳ ಮೇಲಿಟ್ಟು, ತುದಿಯಲ್ಲಿ ಕಿಬ್ಬೊಟ್ಟೆಯ ಎಲುಬನ್ನು ಪಕ್ಕೆಲುಬಿನತ್ತ ಸ್ವಲ್ಪ ಎಳೆದುಕೊಂಡರೆ ಈ ಕಳ್ಳದಾರಿ ಮುಚ್ಚುತ್ತದೆ. ಅಲ್ಲಿ ಒಂದೆರಡು ಸೆಕೆಂಡ್ ನಿಲ್ಲಿಸಲಾಗದಿದ್ದರೆ ಬಾರ್ ಭಾರವಾಗಿದೆ ಎಂದೇ ಅರ್ಥ, 10 ಕೆ.ಜಿ. ಇಳಿಸುವುದು ಒಳ್ಳೆಯದು.

ಪಾದದ ಜಾಗವೂ ಆಟ ಕೆಡಿಸುತ್ತದೆ. ಪಾದ ದೂರವಿದ್ದರೆ ಮೊಣಕಾಲು ಬಿಚ್ಚಿಕೊಂಡು ಹ್ಯಾಮ್‌ಸ್ಟ್ರಿಂಗ್ ಮತ್ತೆ ಪಾಲುದಾರನಾಗುತ್ತದೆ. ತೊಡೆಯ ಹಿಂದೆ ಸೆಳೆತ ಹಿಡಿದರೆ ಅದೇ ಗುರುತು. ತೀರ ಹತ್ತಿರವಿದ್ದರೆ ಕೆಲಸ ತೊಡೆಯ ಮುಂಭಾಗಕ್ಕೆ ಜಾರುತ್ತದೆ. ತುದಿಯಲ್ಲಿ ಮೊಣಕಾಲಿನಿಂದ ಹಿಮ್ಮಡಿಗೆ ಬರುವ ಗೆರೆ ನೆಟ್ಟಗಿರುವಷ್ಟು ದೂರವೇ ಸರಿ, ಪಕ್ಕದಿಂದ ಫೋನಿನಲ್ಲಿ ವಿಡಿಯೋ ತೆಗೆದರೆ ತಕ್ಷಣ ತಿಳಿಯುತ್ತದೆ. ಇನ್ನೊಂದು ಸಣ್ಣ ತೊಡಕಿದೆ: 45 ಸೆಂ.ಮೀ. ಅಗಲದ ದೊಡ್ಡ ಪ್ಲೇಟ್ ಇದ್ದರೆ ಬಾರ್ ತೊಡೆಯ ಮೇಲೆ ಉರುಳಿ ಬರುತ್ತದೆ. ಚಿಕ್ಕ ಕಬ್ಬಿಣದ ಪ್ಲೇಟ್‌ಗಳಷ್ಟೇ ಇರುವ ಜಿಮ್‌ನಲ್ಲಿ ಅದು ಕಾಲಿಗೇ ತಡೆಯುತ್ತದೆ, ಆಗ ಇಬ್ಬರು ಎರಡೂ ಕಡೆ ನಿಂತು ಬಾರನ್ನು ಎತ್ತಿ ಮಡಿಲಿಗಿಡಬೇಕಾಗುತ್ತದೆ.