ಕಾಯದೆಯೇ ಕಾಯುವಿಕೆಯ ಪರೀಕ್ಷೆ

ಗಿಟ್‌ಹಬ್‌ನ ಎಪಿಐಗೆ ಲಾಗಿನ್ ಇಲ್ಲದೆ ಗಂಟೆಗೆ 60 ಕೋರಿಕೆಗಳನ್ನಷ್ಟೇ ಕಳಿಸಬಹುದು. ಮಿತಿ ದಾಟಿದರೆ 403 ಅಥವಾ 429 ಎಂಬ ಉತ್ತರ ಬರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಕೆಲವೊಮ್ಮೆ `Retry-After` ಎಂಬ ಸಾಲೇ ಹೇಳುತ್ತದೆ. ಅಂಥ ಸೂಚನೆ ಕೊಡದ ಸೇವೆಗಳೂ ಇವೆ. ಅಲ್ಲಿ ನಮ್ಮ ಪ್ರೋಗ್ರಾಂ 1, 2, 4, 8 ಸೆಕೆಂಡು ಎಂದು ಬಿಡುವನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ.

ಇದನ್ನು ಪರೀಕ್ಷಿಸಲು ನಿಜವಾದ ಸೇವೆಯ ಬಾಗಿಲನ್ನೇ ಬಡಿಯುವುದು ಪೆದ್ದತನ. ಇರುವ ಕೋಟಾವೂ ಕರಗಿಹೋಗುತ್ತದೆ. ನಮ್ಮದೇ ಕಂಪ್ಯೂಟರಿನಲ್ಲಿ ನಕಲಿ ಸರ್ವರ್ ಇಟ್ಟು, ಮೊದಲೆರಡು ಕೋರಿಕೆಗಳಿಗೆ 429, ಮೂರನೆಯದಕ್ಕೆ 200 ಕೊಡಿಸಬೇಕು. ಗಡಿಯಾರವೂ ನಕಲಿಯೇ ಇರಲಿ. ಪ್ರೋಗ್ರಾಂ ಕಾಯಲು ಹೊರಟಾಗ ಆ ಗಡಿಯಾರ ನಿಜವಾಗಿ ಕಾಯುವುದಿಲ್ಲ. ಕೇಳಿದ ಸೆಕೆಂಡುಗಳನ್ನು ಬರೆದಿಟ್ಟುಕೊಂಡು ಮುಳ್ಳನ್ನು ಮುಂದೆ ತಳ್ಳುತ್ತದೆ, ಅಷ್ಟೇ. ಸರ್ವರ್ `Retry-After: 30` ಎಂದಿದ್ದರೆ ಆ ಪಟ್ಟಿಯಲ್ಲಿ 30ಕ್ಕಿಂತ ಕಡಿಮೆ ಸಂಖ್ಯೆ ಇರಕೂಡದು. 1 ಕಂಡರೆ, ಪ್ರೋಗ್ರಾಂ ಆ ಸಾಲನ್ನು ಓದಿಯೇ ಇಲ್ಲ. ಅದೇ ಸಾಲಿನಲ್ಲಿ ಸೆಕೆಂಡಿನ ಬದಲು ದಿನಾಂಕವೂ ಬರಬಹುದು. ಅದನ್ನೂ ಕೊಟ್ಟು ನೋಡಬೇಕು; ಅನೇಕರು ಮರೆಯುವುದು ಇಲ್ಲೇ.

ಸರ್ವರಿಗೆ ಬಂದ ಕೋರಿಕೆಗಳನ್ನೂ ಎಣಿಸಿ. ಒಟ್ಟು 3 ಯತ್ನ ಎಂದು ಬರೆದಿದ್ದರೂ, ಸದಾ 429 ಕೊಟ್ಟಾಗ ಲೆಕ್ಕ 9 ತೋರಿಸಬಹುದು. ಹಾಗಿದ್ದರೆ ಒಳಗಿನ ಲೈಬ್ರರಿಯೂ ಗುಟ್ಟಾಗಿ ಮೂರು ಮೂರು ಸಲ ಯತ್ನಿಸುತ್ತಿದೆ.